ಲುಸೆನಾ ಸ್ಥಿತಿಯಲ್ಲಿ ಸೇತುವೆ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಚದುರಂಗದ ಆನೆ ಮತ್ತು ಕಾಲಾಳಿನ ಅಂತ್ಯಾಟದಲ್ಲಿ ಒಂದು ಕಾಲಾಳು ಹೆಚ್ಚಿದ್ದವರು ಗೆಲ್ಲಲು ಹಿಡಿಯಬೇಕಾದ ದಾರಿ ಹೆಚ್ಚಾಗಿ ಈ ಒಂದು ಸ್ಥಿತಿಗೆ ಬಂದು ಸೇರುತ್ತದೆ. ಹಾಗಾಗಿ ಇಲ್ಲಿ ಎಲ್ಲ ಉತ್ತರಗಳನ್ನೂ ಒಂದೇ ಹಲಗೆಯ ಮೇಲೆ ಇಟ್ಟುಕೊಂಡು ಹೇಳಿದ್ದೇನೆ. ಓದುವಾಗ ಹಲಗೆ ಹರವಿ ಕಾಯಿಗಳನ್ನು ಇಟ್ಟುಕೊಳ್ಳಿ. ನಡೆಗಳ ಬರಹದಲ್ಲಿ K ಎಂದರೆ ರಾಜ, R ಎಂದರೆ ಆನೆ, Q ಎಂದರೆ ಮಂತ್ರಿ. ಅಕ್ಷರವಿಲ್ಲದ ನಡೆ ಕಾಲಾಳಿನದು, + ಗುರುತು ಚೆಕ್, x ಹೊಡೆತ, ! ಒಳ್ಳೆಯ ನಡೆ, =Q ಕಾಲಾಳು ಮಂತ್ರಿಯಾದದ್ದು. ಸಂಖ್ಯೆಯ ಮುಂದೆ ಮೂರು ಚುಕ್ಕಿ ಇದ್ದರೆ ಅದು ಕಪ್ಪಿನ ನಡೆ.

ಲುಸೆನಾ ಸ್ಥಿತಿ ಎಂದರೆ ಯಾವುದು?

ಬಿಳಿಯ ಕಾಲಾಳು ಏಳನೇ ಅಡ್ಡಸಾಲಿಗೆ ತಲುಪಿದೆ. ಮಂತ್ರಿಯಾಗಲು ಅದಕ್ಕೆ ಇನ್ನು ಒಂದೇ ಹೆಜ್ಜೆ ಬಾಕಿ. ಆದರೆ ಆ ಹೆಜ್ಜೆ ಇಡಬೇಕಾದ ಮನೆಯಲ್ಲಿ ಅದರ ಸ್ವಂತ ರಾಜನೇ ಕುಳಿತಿದ್ದಾನೆ. ಎದುರಾಳಿಯ ರಾಜ ದೂರದಲ್ಲಿದ್ದಾನೆ, ಅವನು ಹತ್ತಿರ ಬಾರದಂತೆ ಬಿಳಿಯ ಆನೆ ಒಂದು ಉದ್ದಸಾಲನ್ನು ಹಿಡಿದು ತಡೆದಿದೆ. ಎದುರಾಳಿಯ ಆನೆ ಕಾಲಾಳಿನ ಇನ್ನೊಂದು ಪಕ್ಕದ ಸಾಲಿನಲ್ಲಿ ನಿಂತು ಬಿಳಿಯ ರಾಜ ಆ ಕಡೆಯಿಂದ ಹೊರಬೀಳದಂತೆ ನೋಡಿಕೊಳ್ಳುತ್ತಿದೆ.

ನಾವು ಬಳಸುವ ಹಲಗೆ ಹೀಗಿದೆ: ಬಿಳಿಯ ರಾಜ g8, ಕಾಲಾಳು g7, ಆನೆ e1. ಕಪ್ಪಿನ ರಾಜ d7, ಆನೆ h2. ನಡೆ ಬಿಳಿಯದು. ಕಂಪ್ಯೂಟರಿನಲ್ಲಿ ಇಟ್ಟು ನೋಡುವವರಿಗೆ:

```
6K1/3k2P1/8/8/8/8/7r/4R3 w - - 0 1
```

ಇಲ್ಲಿ ಬಿಳಿಯ ರಾಜ h7 ಮನೆಗೆ ಹೋಗಲಾರ, ಏಕೆಂದರೆ h ಸಾಲು ಕಪ್ಪು ಆನೆಯ ವಶದಲ್ಲಿದೆ. f7 ಮನೆಗೆ ಹೋಗಬಹುದು, ಅದಕ್ಕೆ ಕಾರಣ e1ರಲ್ಲಿರುವ ಆನೆ. ಅದು ಇಲ್ಲದಿದ್ದರೆ ಕಪ್ಪು ರಾಜ e7ಗೆ ಬಂದು ಆ ಬಾಗಿಲನ್ನೂ ಮುಚ್ಚುತ್ತಿದ್ದ. ಹೊರಬರುವ ದಾರಿ ಇದೆ, ಹೊರಬಂದ ಮೇಲೆ ರಾಜನಿಗೆ ನೆರಳು ಇಲ್ಲ. ಸಮಸ್ಯೆ ಇಷ್ಟೇ.

ದಾರಿ ತೆರೆದೇ ಇದೆಯಲ್ಲ, ರಾಜನನ್ನು ಈಗಲೇ ಹೊರಗೆ ತಂದರೆ ಏನಾಗುತ್ತದೆ?

ಆಡಿ ನೋಡೋಣ. 1.Kf7 ಎಂದು ಹೊರಬಂದ ಕೂಡಲೇ g8ರಲ್ಲಿ ಮಂತ್ರಿ ಎಂಬ ಬೆದರಿಕೆ ಹುಟ್ಟುತ್ತದೆ. ಕಪ್ಪು ಚೆಕ್ ಕೊಡದೆ ಬದುಕುವುದಿಲ್ಲ: 1...Rf2+. ಈಗ 2.Kg6 Rg2+ 3.Kf6 Rf2+ ಎಂದು ಆಟ ಸಾಗುತ್ತದೆ. ಈ ಹಂತದಲ್ಲಿ ಬಿಳಿಯ ರಾಜ ಎಲ್ಲಿಗೆ ಹೋಗಬೇಕು? 4.Kg5 ಎಂದರೆ 4...Rg2+ ಬರುತ್ತದೆ. ಇನ್ನೂ ಕೆಳಕ್ಕೆ ಇಳಿದು 5.Kf4 ಆಡಿದರೆ 5...Rxg7, ಕಾಲಾಳು ಹೋಯಿತು, ಗೆಲುವೂ ಹೋಯಿತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಕಪ್ಪು ಆನೆ g ಸಾಲಿನಲ್ಲಿ ಇರುವಾಗ ಬಿಳಿಯ ರಾಜ ಕಾಲಾಳಿನ ಪಕ್ಕವನ್ನು ಬಿಟ್ಟು g ಸಾಲಿನಿಂದ ಆಚೆ ಸರಿದರೆ ಕಾಲಾಳು ಉಳಿಯುವುದಿಲ್ಲ. ರಾಜ ಕಾಲಾಳಿನ ಪಕ್ಕದಲ್ಲೇ ಸುತ್ತಾಡುತ್ತಿದ್ದರೆ ಚೆಕ್‌ಗಳು ನಿಲ್ಲುವುದಿಲ್ಲ. ಆದ್ದರಿಂದ ಚೆಕ್ ಬರುವ ದಾರಿಗೆ ಅಡ್ಡಲಾಗಿ ಏನನ್ನಾದರೂ ಇಡಲೇಬೇಕು. ಇಡಲು ಬಿಳಿಯ ಬಳಿ ಇರುವುದು ಆನೆ ಮಾತ್ರ. ಹೀಗೆ ಆನೆಯನ್ನು ಅಡ್ಡ ಇಟ್ಟು ಚೆಕ್ ತಡೆಯುವುದನ್ನೇ ಸೇತುವೆ ಕಟ್ಟುವುದು ಎನ್ನುತ್ತಾರೆ.

ಒಂದು ಸಮಾಧಾನವೂ ಇದೆ. ಆತುರಪಟ್ಟು 1.Kf7 ಆಡಿಬಿಟ್ಟರೂ ಆಟ ಕೈಬಿಟ್ಟಿಲ್ಲ. 3...Rf2+ ಆದ ಮೇಲೆ 4.Kg6 Rg2+ 5.Kh7 Rh2+ 6.Kg8 ಎಂದು ಹೊರಟ ಮನೆಗೇ ಹಿಂತಿರುಗಿ ಸರಿಯಾದ ನಡೆಯನ್ನು ಹೊಸದಾಗಿ ಆರಂಭಿಸಬಹುದು. ಆದರೆ ಹೀಗೆ ಸುತ್ತುವಾಗ ಒಂದೇ ಸ್ಥಿತಿ ಮೂರು ಸಲ ಬಂದರೆ ಎದುರಾಳಿ ಡ್ರಾ ಕೇಳಬಹುದು ಎಂಬುದನ್ನು ಮರೆಯಬಾರದು.

ಹಾಗಾದರೆ ಸೇತುವೆ ಕಟ್ಟುವುದು ಹೇಗೆ? ಒಂದೊಂದೇ ನಡೆಯಾಗಿ ಹೇಳಿ.

ಮೊದಲ ನಡೆ 1.Re4! ರಾಜ ಅಲುಗಾಡುವ ಮೊದಲೇ ಆನೆ ನಾಲ್ಕನೇ ಅಡ್ಡಸಾಲಿಗೆ ಏರುತ್ತದೆ. e ಸಾಲನ್ನು ಅದು ಬಿಟ್ಟುಕೊಡಲಿಲ್ಲ, ಆದ್ದರಿಂದ ಕಪ್ಪು ರಾಜ ಇನ್ನೂ ಹೊರಗೇ ಇದ್ದಾನೆ. ಜೊತೆಗೆ ಈಗ ನಾಲ್ಕನೇ ಸಾಲಿನ ಉದ್ದಕ್ಕೂ g4ರವರೆಗೆ ಅದಕ್ಕೆ ದಾರಿ ತೆರೆದಿದೆ. ನೋಡುವವರಿಗೆ ಇದು ಯಾವ ಬೆದರಿಕೆಯೂ ಇಲ್ಲದ ನಡೆಯಂತೆ ಕಾಣುತ್ತದೆ. ಇಡೀ ಗೆಲುವು ನಿಂತಿರುವುದು ಇದರ ಮೇಲೆಯೇ.

ಕಪ್ಪು ಆನೆ h ಸಾಲನ್ನು ಬಿಡುವಂತಿಲ್ಲ. ಅದಕ್ಕೆ ಅದೇ ಸಾಲಿನಲ್ಲಿ ಒಂದು ಮನೆ ಸರಿಯುತ್ತದೆ: 1...Rh1.

ಈಗ 2.Kf7. ಮಂತ್ರಿ ಬರುವ ಬೆದರಿಕೆ. 2...Rf1+ ಎಂದು ಕಪ್ಪು ಚೆಕ್ ಕೊಡುತ್ತದೆ. 3.Kg6, ಮತ್ತೆ ಅದೇ ಬೆದರಿಕೆ. 3...Rg1+ ಇನ್ನೊಂದು ಚೆಕ್. 4.Kf6. ರಾಜ ಕಾಲಾಳನ್ನು ಕಾಯುತ್ತಲೇ ಪಕ್ಕಕ್ಕೆ ಸರಿದಿದ್ದಾನೆ. 4...Rf1+ ಮೂರನೆಯ ಚೆಕ್. 5.Kg5. ಇದು ರಾಜ ಮೊದಲ ಬಾರಿಗೆ ಕಾಲಾಳಿನಿಂದ ದೂರ ಸರಿದ ನಡೆ, ಆದರೆ ಅವನು g ಸಾಲಿನಲ್ಲೇ ಇದ್ದಾನೆ. ಕಪ್ಪು ಆನೆ ಕಾಲಾಳನ್ನು ಹಿಡಿಯಲು g ಸಾಲಿಗೆ ಬಂದರೆ ನಡುವೆ ರಾಜ ಅಡ್ಡ ನಿಂತಿರುತ್ತಾನೆ. 5...Rg1+ ಕೊನೆಯ ಚೆಕ್.

ಈಗ 6.Rg4! ಆನೆ ನಾಲ್ಕನೇ ಸಾಲಿನ ಮೇಲೆ ಜಾರಿ ಬಂದು ಚೆಕ್‌ಗೆ ಅಡ್ಡ ನಿಲ್ಲುತ್ತದೆ. g5ರಲ್ಲಿರುವ ರಾಜ ಅದರ ಬೆನ್ನಿಗಿದ್ದಾನೆ. 6...Rxg4+ ಎಂದು ಹೊಡೆದರೆ 7.Kxg4, ಹಲಗೆಯ ಮೇಲೆ ಆನೆಗಳೇ ಇಲ್ಲ. 7...Ke7 ಎಂದು ಕಪ್ಪು ರಾಜ ಓಡಿಬಂದರೂ g8 ಅವನಿಗೆ ಎಟಕುವುದಿಲ್ಲ: 8.g8=Q. ಆನೆಯನ್ನು ಹೊಡೆಯದೆ ಬೇರೆಡೆ ಹೋದರೆ 7.g8=Q ತಕ್ಷಣವೇ ಬರುತ್ತದೆ.

ಈ ಆರು ನಡೆಗಳನ್ನು ಬಾಯಿಪಾಠ ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಕೊನೆಯ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಕಾಲಾಳು ಏಳನೇ ಸಾಲಿನಲ್ಲಿ, ಅದೇ ಉದ್ದಸಾಲಿನಲ್ಲಿ ರಾಜ ಐದರಲ್ಲಿ, ಆನೆ ನಾಲ್ಕರಲ್ಲಿ. ಆ ಚಿತ್ರ ತಿಳಿದಿದ್ದರೆ ಅಲ್ಲಿಗೆ ಹೋಗುವ ನಡೆಗಳು ತಾವಾಗಿಯೇ ಸಿಗುತ್ತವೆ.

ನಾಲ್ಕನೇ ಸಾಲೇ ಏಕೆ? ಮೂರನೇ ಅಥವಾ ಐದನೇ ಸಾಲು ಆಗದೇ?

ಮೂರನೇ ಸಾಲು ಆಗುವುದಿಲ್ಲ. 1.Re3 ಆಡಿ ಅದೇ ದಾರಿಯಲ್ಲಿ ಹೋದರೆ 5...Rg1+ ಬಂದಾಗ ಅಡ್ಡ ಇಡಬೇಕಾದ ಮನೆ g3. ರಾಜ ಇರುವುದು g5ರಲ್ಲಿ. ನಡುವೆ ಒಂದು ಮನೆ ಖಾಲಿ, ಆದ್ದರಿಂದ ರಾಜ ಆನೆಯನ್ನು ಕಾಯುವುದಿಲ್ಲ. 6.Rg3 ಆಡಿದರೆ 6...Rxg3+ ಎಂದು ಆನೆ ಪುಕ್ಕಟೆಯಾಗಿ ಹೋಗುತ್ತದೆ. ರಾಜ g4ರವರೆಗೆ ಇಳಿದರೆ ಸರಿಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. g5ರಲ್ಲಿ ಚೆಕ್ ಬಂದಾಗ ನೇರವಾಗಿ g4ಗೆ ಇಳಿಯಲು ಆಗದು, ಅದೂ ಅದೇ ಚೆಕ್‌ನ ಸಾಲು. ಪಕ್ಕಕ್ಕೆ ಸರಿದು ಇಳಿಯಬೇಕು, ಸರಿದ ಕೂಡಲೇ ಕಾಲಾಳು ಹೋಗುತ್ತದೆ. ಐದನೇ ಸಾಲಿಗಿಂತ ಕೆಳಗೆ ರಾಜನಿಗೆ ಮೆಟ್ಟಿಲು ಇಲ್ಲ, ಅದಕ್ಕೇ ಆನೆಯ ಜಾಗ ನಾಲ್ಕನೇ ಸಾಲು. ಆದರೂ 1.Re3 ಆಡಿದ ಮಾತ್ರಕ್ಕೆ ಗೆಲುವು ಕಳೆದುಹೋಗುವುದಿಲ್ಲ. ಅಡ್ಡ ಇಡಲು ಆಗದು ಎಂದು ತಿಳಿದ ಕ್ಷಣ 6.Kf6 ಎಂದು ರಾಜನನ್ನು ಮೇಲಕ್ಕೆ ತಂದು, ಅವನು g8 ಸೇರಿದ ಮೇಲೆ ಆನೆಯನ್ನು ಸರಿಯಾದ ಸಾಲಿಗೆ ಏರಿಸಬಹುದು.

ಐದನೇ ಸಾಲಿನ ಕಥೆ ಬೇರೆ. 1.Re5 ಆಡಿದಾಗ ಎದುರಾಳಿ ಮೈಮರೆತು 1...Rh1 ಎಂದರೆ 2.Kf7 Rf1+ 3.Kg6 Rg1+ 4.Rg5 ಎಂದು ಸೇತುವೆ ಎರಡು ನಡೆ ಮೊದಲೇ ಮುಗಿಯುತ್ತದೆ. ಆದರೆ 1...Kd6! ಎಂದರೆ e5ರ ಆನೆಗೆ ನೇರ ಏಟು. ಅದನ್ನು ಕಾಯುವವರು ಯಾರೂ ಇಲ್ಲ. ಆನೆ e1ಗೆ ಹಿಂತಿರುಗಬೇಕು, ಶ್ರಮ ವ್ಯರ್ಥ. ಆನೆ e4ರಲ್ಲಿದ್ದರೆ ಅದನ್ನು ಮುಟ್ಟಲು ಕಪ್ಪು ರಾಜನಿಗೆ d6, d5 ಎಂದು ಎರಡು ಹೆಜ್ಜೆ ಬೇಕು. ಅಷ್ಟರಲ್ಲಿ ಬಿಳಿಯ ರಾಜ ಹೊರಬಂದಿರುತ್ತಾನೆ. ಆದರೆ ಐದನೇ ಸಾಲನ್ನು ಪೂರ್ತಿ ಮರೆಯಬೇಡಿ, ಮುಂದಿನ ಉತ್ತರದಲ್ಲಿ ಅದೇ ನಮ್ಮನ್ನು ಕಾಪಾಡುತ್ತದೆ.

ಎದುರಾಳಿ ಚೆಕ್ ಕೊಡುವುದನ್ನು ನಡುವೆ ನಿಲ್ಲಿಸಿದರೆ?

ಈ ಪ್ರಶ್ನೆ ಕೇಳುವವರು ನಿಜವಾಗಿ ಹಲಗೆಯ ಮುಂದೆ ಕುಳಿತವರು. ಪುಸ್ತಕದ ನಡೆಗಳಲ್ಲಿ ಕಪ್ಪು ವಿಧೇಯವಾಗಿ ಚೆಕ್ ಕೊಡುತ್ತಲೇ ಹೋಗುತ್ತದೆ. ಆಟದಲ್ಲಿ ಎದುರಾಳಿಯೂ ಈ ಸೇತುವೆಯನ್ನು ಕಲಿತಿರುತ್ತಾನೆ, ತಾನೇ ಅದಕ್ಕೆ ಕಲ್ಲು ಹೊರಲು ಒಪ್ಪುವುದಿಲ್ಲ.

1.Re4 Rh1 2.Kf7 Rf1+ 3.Kg6 Rg1+ 4.Kf6 ಆದ ಮೇಲೆ ನಿಲ್ಲೋಣ. ಇಲ್ಲಿ ಕಪ್ಪು ಚೆಕ್ ಕೊಡದೆ 4...Rg2 ಎಂದು ಸುಮ್ಮನೆ ಸರಿಯಬಹುದು. ಆನೆ g ಸಾಲಿನಲ್ಲೇ ಇದ್ದು ಕಾಲಾಳನ್ನು ಗುರಿ ಮಾಡಿದೆ. 5.g8=Q ಆಡಿದರೆ 5...Rxg8. ಹಾಗೆಂದು g5ಗೆ ಹೋಗುವ ಕಾರಣವೂ ಇಲ್ಲ, ಚೆಕ್ ಇಲ್ಲದಿರುವಾಗ ರಾಜ ಇರುವ ಜಾಗವೇ ಚೆನ್ನಾಗಿದೆ.

ಉತ್ತರ 5.Re5! ಸೇತುವೆಯನ್ನು ಒಂದು ಸಾಲು ಮೇಲೆ ಕಟ್ಟುವುದು. ಮುಂದಿನ ಬೆದರಿಕೆ Rg5, ಆನೆಯನ್ನು g ಸಾಲಿನಲ್ಲಿ ಎದುರು ನಿಲ್ಲಿಸುವುದು. 5...Rf2+ ಎಂದರೆ 6.Kg6 Rg2+ 7.Rg5 ಮುಗಿಯಿತು. ಹಿಂದಿನ ಉತ್ತರದಲ್ಲಿ ಐದನೇ ಸಾಲಿನ ಆನೆಗೆ ಕಪ್ಪು ರಾಜನ ಭಯವಿತ್ತು. ಈಗ ಆ ಭಯವಿಲ್ಲ, ಏಕೆಂದರೆ f6ರಲ್ಲಿರುವ ರಾಜ e5 ಮನೆಯನ್ನು ಕಾಯುತ್ತಿದ್ದಾನೆ. 5...Kd6 ಎಂದು ಬಂದರೂ ಅವನು ಆನೆಯನ್ನು ಹೊಡೆಯಲಾರ, 6.Rg5 ಬರುತ್ತದೆ. ನಾಲ್ಕನೇ ನಡೆಯಲ್ಲಿ ರಾಜ h6ರ ಬದಲು f6ಗೆ ಹೋಗುವುದೇ ಲೇಸು ಎನ್ನುವುದಕ್ಕೆ ಇದೇ ಕಾರಣ. f6ರಿಂದ ಅವನು ಕಾಲಾಳನ್ನೂ e5ನ್ನೂ ಒಟ್ಟಿಗೆ ನೋಡಿಕೊಳ್ಳುತ್ತಾನೆ.

ಇನ್ನೊಂದು ಬಗೆಯ ತಡೆ 4...Kd6. ರಾಜ ಮುಂದೆ ಬಂದು e5ಗೆ ಕಣ್ಣು ಹಾಕಿದ್ದಾನೆ. ಇಲ್ಲಿಯೂ ಅದೇ 5.Re5! ಆದರೆ ಈಗ ಒಂದು ಗುಂಡಿ ಇದೆ, ಎಚ್ಚರವಾಗಿರಿ. 5...Rf1+ ಎಂಬ ಚೆಕ್‌ಗೆ ಅಭ್ಯಾಸದ ಮೇಲೆ 6.Kg6 ಆಡಿದರೆ f6 ಬಿಟ್ಟ ರಾಜ e5ರ ಕಾವಲನ್ನೂ ಬಿಟ್ಟಂತಾಯಿತು. 6...Kxe5! 7.g8=Q Rg1+, ರಾಜ ಮತ್ತು ಮಂತ್ರಿ ಒಂದೇ ಸಾಲಿನಲ್ಲಿ ಸಿಕ್ಕಿಬಿದ್ದಿದ್ದಾರೆ. ರಾಜ ಸರಿಯಲೇಬೇಕು, ಮಂತ್ರಿ ಹೋಗುತ್ತದೆ, 8.Kh7 Rxg8 9.Kxg8 ಡ್ರಾ. ಸರಿಯಾದ ಉತ್ತರ 6.Rf5! ಸೇತುವೆಯನ್ನು f ಸಾಲಿನಲ್ಲೇ ಕಟ್ಟುವುದು. 6...Rxf5+ 7.Kxf5 Ke7 8.g8=Q. ಹೊಡೆಯದೆ 6...Rg1 ಎಂದರೆ 7.Rg5, ಮತ್ತೆ ಆನೆ g ಸಾಲಿನಲ್ಲಿ ಎದುರು ನಿಲ್ಲುತ್ತದೆ.

ಇಷ್ಟರಿಂದ ಒಂದು ನಿಯಮ ಹೊರಡುತ್ತದೆ: ಆನೆ e4ರಲ್ಲೂ ರಾಜ f6ರಲ್ಲೂ ಇರುವಾಗ ಚೆಕ್ ಬಂದರೆ g5ಗೆ ಇಳಿಯಿರಿ, ಚೆಕ್ ಬಾರದೆ ಕಪ್ಪು ಆನೆ g ಸಾಲಿನಲ್ಲೇ ಉಳಿದರೆ ಆನೆಯನ್ನು e5ಗೆ ಏರಿಸಿರಿ. ಆನೆ g ಸಾಲನ್ನೇ ಬಿಟ್ಟು ಹೋದರೆ ಕೇಳುವುದೇ ಬೇಡ, ಕಾಲಾಳು ಮಂತ್ರಿಯಾಗುತ್ತದೆ. ಮುಂದೆ ಯಾವ ಚೆಕ್ ಬಂದರೂ ಅದು ರಾಜನನ್ನೂ ಹೊಸ ಮಂತ್ರಿಯನ್ನೂ ಒಟ್ಟಿಗೆ ಇರಿಯುತ್ತದೆಯೇ ಎಂದು ಮಾತ್ರ ಒಮ್ಮೆ ನೋಡಿಕೊಳ್ಳಿ.

2.Kf7 ಆದ ಕೂಡಲೇ ಎದುರಾಳಿ ಆನೆಯನ್ನು h7ಗೆ ತಂದು ಕಾಲಾಳನ್ನು ಕಟ್ಟಿಹಾಕಿದರೆ?

2...Rh7 ಮೊದಲ ಬಾರಿ ಎದುರಾದಾಗ ಎದೆ ಧಸಕ್ಕೆನ್ನುತ್ತದೆ. ಕಾಲಾಳು g8ಗೆ ಹೋದರೆ ರಾಜನಿಗೆ ಚೆಕ್ ತೆರೆದುಕೊಳ್ಳುವುದರಿಂದ ಅದು ಹೋಗುವಂತಿಲ್ಲ. 3.Kg6 ಆಡಿ. ರಾಜ h7ರ ಆನೆಯನ್ನೇ ಹಿಡಿಯುತ್ತಾನೆ. 3...Rxg7+ 4.Kxg7 ಆದರೆ ಕಾಲಾಳು ಹೋಯಿತು ನಿಜ, ಬಿಳಿಯ ಆನೆ ಉಳಿದಿದೆ, ಕಪ್ಪಿನ ಬಳಿ ಒಂಟಿ ರಾಜ ಮಾತ್ರ. ಆನೆ ಮತ್ತು ರಾಜ ಸೇರಿ ಒಂಟಿ ರಾಜನನ್ನು ಮೇಟ್ ಮಾಡುವುದು ಗೊತ್ತಿದ್ದರೆ ಸಾಕು. ಈ ಒಂದು ಲೆಕ್ಕವನ್ನು ಸದಾ ನೆನಪಿಡಿ: ಎದುರಾಳಿ ತನ್ನ ಆನೆಯನ್ನು ಕೊಟ್ಟು ನಿಮ್ಮ ಕಾಲಾಳನ್ನೋ ಹೊಸ ಮಂತ್ರಿಯನ್ನೋ ತೆಗೆದುಕೊಂಡರೆ, ನಿಮ್ಮ ಆನೆ ಹಲಗೆಯ ಮೇಲಿರುವವರೆಗೂ ಗೆಲುವು ನಿಮ್ಮದೇ.

ಕಪ್ಪು ರಾಜ d7ರಲ್ಲಿಲ್ಲದೆ e7ರಲ್ಲೇ ಇದ್ದರೆ?

ಬಿಳಿಯ ಆನೆ f1ರಲ್ಲಿದೆ, ಕಪ್ಪು ರಾಜ e7ರಲ್ಲಿ, ಉಳಿದದ್ದು ಮೊದಲಿನಂತೆಯೇ ಎಂದುಕೊಳ್ಳೋಣ. ಈಗ f7 ಬಾಗಿಲು ಮುಚ್ಚಿದೆ, ಅದನ್ನು e7ರ ರಾಜ ಕಾಯುತ್ತಿದ್ದಾನೆ. ಸೇತುವೆಗೆ ಮೊದಲು ಅವನನ್ನು ಒಂದು ಸಾಲು ದೂಡಬೇಕು: 1.Re1+. ಅವನು 1...Kd7 ಎಂದರೆ ನಮ್ಮ ಹಲಗೆಯೇ ಸಿಕ್ಕಿತು, 2.Re4 ಆಡಿ ಮುಂದುವರಿಯಿರಿ. ಅವನು 1...Kf6 ಎಂದು ಈ ಕಡೆಗೆ ನುಗ್ಗಿದರೆ ಸೇತುವೆಯೇ ಬೇಡ: 2.Kf8! ರಾಜ f ಬಾಗಿಲಿನಿಂದ ಹೊರಬಂದಿದ್ದಾನೆ, ಕಪ್ಪು ರಾಜನೇ ತನ್ನ ಆನೆಯ f ಸಾಲಿನ ಚೆಕ್‌ಗಳಿಗೆ ಅಡ್ಡ ನಿಂತಿದ್ದಾನೆ. 2...Rh8+ ಎಂಬ ಕೊನೆಯ ಪ್ರಯತ್ನಕ್ಕೆ 3.gxh8=Q+ ಎಂದು ಕಾಲಾಳು ಹೊಡೆದೇ ಮಂತ್ರಿಯಾಗುತ್ತದೆ.

ಈ ಮೊದಲ ಚೆಕ್ ಬಿಟ್ಟುಬಿಡುವವರು ಬಹಳ. ಆನೆಯನ್ನು f4ಗೆ ತಂದು, ಸಾಲು ನಾಲ್ಕು ಸರಿಯಾಗಿಯೇ ಇದೆಯಲ್ಲ, ರಾಜ ಏಕೆ ಹೊರಬರುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಸೇತುವೆಗೆ ಎರಡು ಅಗತ್ಯ: ರಾಜನಿಗೆ ಹೊರಬರಲು ಒಂದು ಬಾಗಿಲು, ಅಡ್ಡ ಇಡಲು ನಾಲ್ಕನೇ ಸಾಲಿನ ಆನೆ. ಬಾಗಿಲು ಮೊದಲು.

ಕಪ್ಪು ರಾಜ ನಾಲ್ಕನೇ ಸಾಲಿನ ಆನೆಯ ಮೇಲೆಯೇ ಬಂದರೆ?

1.Re4 Kd6 2.Kf7 Kd5 ಎಂದು ಅವನು ಆನೆಯನ್ನು ಮುಟ್ಟಬಹುದು. ಆದರೆ ಇದರಲ್ಲಿ ಚೆಕ್‌ಗೆ ಮೀಸಲಾಗಿದ್ದ ಒಂದು ನಡೆ ಖರ್ಚಾಗಿದೆ. 3.Rg4! ಆನೆ ಅಪಾಯದಿಂದ ತಪ್ಪಿಸಿಕೊಂಡು g ಸಾಲನ್ನೇ ಹಿಡಿಯುತ್ತದೆ. 3...Rf2+ ಎಂದರೆ 4.Kg6, ಇನ್ನು g ಸಾಲಿನಲ್ಲಿ ಕಪ್ಪಿಗೆ ಚೆಕ್ ಇಲ್ಲ. 4...Rf6+ ಎಂದು ಆನೆಯನ್ನೇ ಎಸೆದರೂ 5.Kxf6, d5ರಲ್ಲಿರುವ ರಾಜ f6ನ್ನು ಕಾಯುವಷ್ಟು ಹತ್ತಿರವಿಲ್ಲ.

ಬೇರೆ ಸಾಲಿನ ಕಾಲಾಳಿಗೂ ಇದೇ ವಿಧಾನವೇ?

ಅಂಚಿನ a ಮತ್ತು h ಸಾಲುಗಳನ್ನು ಬಿಟ್ಟರೆ ಹೌದು. b ಕಾಲಾಳಿಗೆ ಎಲ್ಲವನ್ನೂ ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊಳ್ಳಿ. ನಡುಸಾಲಿನ ಒಂದು ಉದಾಹರಣೆ ಹೇಳುತ್ತೇನೆ: ಬಿಳಿಯ ರಾಜ d8, ಕಾಲಾಳು d7, ಆನೆ f1. ಕಪ್ಪಿನ ರಾಜ g7, ಆನೆ c2. 1.Rf4 Rc1 2.Ke7 Re1+ 3.Kd6 Rd1+ 4.Ke6 Re1+ 5.Kd5 Rd1+ 6.Rd4. ಕೊನೆಯ ಚಿತ್ರ ಅದೇ: ಕಾಲಾಳು ಏಳು, ರಾಜ ಐದು, ಆನೆ ನಾಲ್ಕು. 4.Ke6 ಆದ ಮೇಲೆ ಕಪ್ಪು ಚೆಕ್ ನಿಲ್ಲಿಸಿದರೆ ಉತ್ತರ 5.Rf5, ಅದನ್ನು e6ರ ರಾಜ ಕಾಯುತ್ತಾನೆ.

ಅಂಚಿನ ಕಾಲಾಳಿಗೆ ಈ ಸೇತುವೆ ಕೆಲಸ ಮಾಡುವುದಿಲ್ಲ. ರಾಜ h8, ಕಾಲಾಳು h7 ಎಂದರೆ ರಾಜನಿಗೆ ಹೊರಬರಲು ಇರುವುದು g ಸಾಲೊಂದೇ, ಅದನ್ನು ಕಪ್ಪು ಆನೆ ಹಿಡಿದಿರುತ್ತದೆ. ಇನ್ನೊಂದು ಪಕ್ಕದಲ್ಲಿ ಹಲಗೆಯೇ ಇಲ್ಲ. ಬಿಳಿಯ ಆನೆ ಎಂಟನೇ ಸಾಲಿಗೆ ಹೋಗಿ, g8ಗೆ ಬಂದು ರಾಜನನ್ನು ಬಿಡಿಸಬೇಕು. ಅದಕ್ಕೆ ಹೊತ್ತು ಬೇಕು, ಆ ಹೊತ್ತಿನಲ್ಲಿ ಕಪ್ಪು ರಾಜ ಹತ್ತಿರವಾಗುತ್ತಾನೆ. ಆದ್ದರಿಂದ ಅಲ್ಲಿ ಎಲ್ಲವೂ ಅವನ ದೂರದ ಮೇಲೆ ನಿಂತಿದೆ. ಸಾಮಾನ್ಯವಾಗಿ ಅವನು e7ರಲ್ಲಿದ್ದರೆ ಡ್ರಾ, d7 ಅಥವಾ ಅದಕ್ಕಿಂತ ಆಚೆ ಇದ್ದು ನಡೆ ಬಿಳಿಯದಾಗಿದ್ದರೆ ಗೆಲುವು. ಆನೆಗಳ ಆಟದಲ್ಲಿ ಯಾವ ಕಾಲಾಳನ್ನು ಉಳಿಸಿಕೊಳ್ಳಬೇಕು ಎಂಬ ಆಯ್ಕೆ ಬಂದಾಗ ಅಂಚಿನದನ್ನು ಬಿಟ್ಟು ಒಳಗಿನದನ್ನು ಉಳಿಸಿಕೊಳ್ಳಿ ಎನ್ನುವುದು ಇದಕ್ಕೇ.

ಲುಸೆನಾ ಎನ್ನುವವರು ಯಾರು?

ಲೂಯಿಸ್ ರಮಿರೆಸ್ ದೆ ಲುಸೆನಾ ಸ್ಪೇನಿನವರು. 1497ರಲ್ಲಿ ಅಚ್ಚಾದ ಅವರ ಚದುರಂಗದ ಪುಸ್ತಕ ಇಂದಿಗೂ ಉಳಿದಿದೆ. ಆದರೆ ಈ ಸ್ಥಿತಿ ಆ ಪುಸ್ತಕದಲ್ಲಿ ಇಲ್ಲ. ಇದು ಅಚ್ಚಿನಲ್ಲಿ ಕಾಣಿಸುವುದು ಇಟಲಿಯ ಅಲೆಸ್ಸಾಂಡ್ರೊ ಸಾಲ್ವಿಯೊ ಅವರ 1634ರ ಪುಸ್ತಕದಲ್ಲಿ. ಹೆಸರು ಮಾತ್ರ ಲುಸೆನಾ ಅವರದೇ ಆಗಿ ಉಳಿಯಿತು. ಸೇತುವೆ ಎಂಬ ಮಾತನ್ನು ಇದಕ್ಕೆ ಬಳಕೆಗೆ ತಂದವರು 20ನೇ ಶತಮಾನದ ಆರನ್ ನಿಮ್ಜೊವಿಚ್.

ನಾನು ಕಪ್ಪು ಕಡೆಯಲ್ಲಿದ್ದರೆ ಉಳಿಯುವ ದಾರಿ ಇದೆಯೇ?

ನಮ್ಮ ಹಲಗೆಯಲ್ಲಿ ನಡೆ ಬಿಳಿಯದಾಗಿದ್ದರೆ ಇಲ್ಲ, ಎದುರಾಳಿ ತಪ್ಪಬೇಕು. ಹಾಗಿದ್ದರೂ ಅವನಿಗೆ ಕೆಲಸ ಹೆಚ್ಚಿಸುವ ನಡೆಗಳನ್ನು ಆರಿಸಿಕೊಳ್ಳಿ. ಚೆಕ್ ಮೇಲೆ ಚೆಕ್ ಕೊಟ್ಟು ಅವನ ರಾಜನನ್ನು g5ಗೆ ತಳ್ಳಿಕೊಡುವುದಕ್ಕಿಂತ, ರಾಜ f6ರಲ್ಲಿದ್ದಾಗ 4...Kd6 ಆಡುವುದು ಒಳ್ಳೆಯದು. 5.Re5 ಕಂಡುಹಿಡಿದರೂ 5...Rf1+ ಆದ ಮೇಲೆ 6.Kg6 ಎಂದು ಗುಂಡಿಗೆ ಬೀಳುವವರಿದ್ದಾರೆ.

ನಿಜವಾದ ರಕ್ಷಣೆ ಇರುವುದು ಇದಕ್ಕೆ ಬಹಳ ಮೊದಲು. ನಿಮ್ಮ ರಾಜ ಕಾಲಾಳಿನ ದಾರಿಯಲ್ಲಿ, ಅದು ಮಂತ್ರಿಯಾಗುವ ಮನೆಯ ಬಳಿ ಇದ್ದರೆ ಲುಸೆನಾ ಸ್ಥಿತಿ ಹುಟ್ಟುವುದೇ ಇಲ್ಲ. ಬಿಳಿಯ ಕಾಲಾಳು ಐದನೇ ಸಾಲಿನಲ್ಲಿರುವಾಗ ನಿಮ್ಮ ಆನೆಯನ್ನು ಆರನೇ ಅಡ್ಡಸಾಲಿನಲ್ಲಿ ಇಟ್ಟು ಅತ್ತಿತ್ತ ಸರಿಯುತ್ತಿರಿ. ಬಿಳಿಯ ರಾಜ ಆರನೇ ಸಾಲಿಗೆ ಕಾಲಿಡಲಾರ. ಬೇಸತ್ತು ಅವನು ಕಾಲಾಳನ್ನೇ ಆರಕ್ಕೆ ತಳ್ಳಿದಾಗ ನಿಮ್ಮ ಆನೆ ಒಂದನೇ ಸಾಲಿಗೆ ಇಳಿದು ಹಿಂದಿನಿಂದ ಚೆಕ್ ಕೊಡಲು ಆರಂಭಿಸಬೇಕು. ಆಗ ಅವನ ರಾಜ ಅಡಗಲು ಕಾಲಾಳಿನ ಮುಂದೆ ಜಾಗವಿಲ್ಲ. ಇದನ್ನು 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಹೆಸರಿನಿಂದ ಕರೆಯುತ್ತಾರೆ. ಆನೆಯನ್ನು ಬೇಗ ಕೆಳಗಿಳಿಸಿದರೆ ಬಿಳಿಯ ರಾಜ ಆರನೇ ಸಾಲಿಗೆ ನುಗ್ಗುತ್ತಾನೆ. ಆದ್ದರಿಂದ ಕಾಲಾಳು ಆರನ್ನು ಮುಟ್ಟುವವರೆಗೆ ಆನೆಯನ್ನು ಆ ಸಾಲಿನಿಂದ ಕದಲಿಸಬೇಡಿ.